ಯಾವ ಆ್ಯಪ್‌ನಿಂದ ಬಂದವರು?

ಒಂದೇ ವಿಡಿಯೊ ತುಣುಕನ್ನು ನಾಲ್ಕಾರು ಕಡೆ ಹಾಕಿದಾಗ, ಹೆಸರು ನೋಂದಾಯಿಸಿದವರು ಎಲ್ಲಿಂದ ಬಂದರೆಂದು ಗುರುತಿಸುವ ಕೆಲಸ ಭಾರತದ ಸಣ್ಣ ಉದ್ಯಮಗಳಿಗೆ ತೊಡಕಾದದ್ದು 2020ರ ನಂತರ. ಆ ವರ್ಷ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಮೋಜ್ ಮತ್ತು ಜೋಶ್, ಅವುಗಳ ಜೊತೆಗೇ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂದವು. ಯಾವುದು ಉಳಿಯುತ್ತದೋ ತಿಳಿಯದೆ ಜನ ಒಂದೇ ತುಣುಕನ್ನು ಎಲ್ಲ ಕಡೆಗೂ ಹಾಕತೊಡಗಿದರು. ಆ ರೂಢಿ ಇಂದಿಗೂ ನಿಂತಿಲ್ಲ.

ಲೆಕ್ಕದ ವಿಧಾನ ಮಾತ್ರ ಇದಕ್ಕಿಂತ ಬಹಳ ಹಳೆಯದು. ಅಮೆರಿಕದಲ್ಲಿ ಅಂಚೆ ಮೂಲಕ ಸರಕು ಮಾರುತ್ತಿದ್ದವರು ಪ್ರತಿ ಪತ್ರಿಕೆಯ ಜಾಹೀರಾತಿಗೂ ಬೇರೆ ಗುರುತಿನ ಕೂಪನ್ ಅಚ್ಚು ಹಾಕಿಸುತ್ತಿದ್ದರು. ಗಿರಾಕಿ ಕತ್ತರಿಸಿ ಕಳಿಸಿದ ಚೀಟಿಯೇ ತನ್ನ ಮೂಲವನ್ನು ಹೇಳುತ್ತಿತ್ತು. ಕ್ಲಾಡ್ ಹಾಪ್ಕಿನ್ಸ್ 1923ರ ತನ್ನ ಪುಸ್ತಕದಲ್ಲಿ ಇಂಥ ಎಣಿಕೆಯನ್ನೇ ಜಾಹೀರಾತಿನ ತಳಹದಿ ಎಂದು ವಾದಿಸಿದ. ಅಂತರ್ಜಾಲದಲ್ಲಿ ಅದೇ ಕೆಲಸವನ್ನು ಅರ್ಚಿನ್ ಎಂಬ ಕಂಪನಿಯ ಗುರುತುಗಳು ಮಾಡಿದವು. 2005ರಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡಿತು. ಕೊಂಡಿಯ ಬಾಲದಲ್ಲಿ ಕಾಣುವ `utm` ಎಂಬ ಮೂರು ಅಕ್ಷರಗಳು ಅಲ್ಲಿಂದ ಉಳಿದುಬಂದವು.

ಉದಾಹರಣೆಗೆ, ಯಾರೋ ಆನ್‌ಲೈನ್ ಕಸೂತಿ ತರಗತಿ ನಡೆಸುತ್ತಾರೆ, ಇಳಕಲ್ ಸೀರೆಯ ಮೇಲೆ ಗೋಪುರದ ಕಸೂತಿ ಮೂಡುವ ತುಣುಕನ್ನು ಎಲ್ಲೆಡೆ ಹಾಕುತ್ತಾರೆ ಎಂದಿಟ್ಟುಕೊಳ್ಳಬಹುದು. ಪ್ರತಿ ಆ್ಯಪ್‌ಗೂ ಬೇರೆ ಕೊಂಡಿ ಬೇಕು:

```
https://example.in/kasuti?utm_source=instagram&utm_medium=reel&utm_campaign=gopura
```

ಕೊಂಡಿ ಸಿದ್ಧವಾದರೆ ಸಾಲದು. ನೋಂದಣಿ ಅರ್ಜಿಯು ಈ ಗುರುತನ್ನು ಮರೆಯಲ್ಲಿಟ್ಟ ಒಂದು ಖಾನೆಯಲ್ಲಿ ಹಿಡಿದು, ಹೆಸರು ಮತ್ತು ಫೋನ್ ನಂಬರಿನ ಜೊತೆ ಉಳಿಸಬೇಕು. ಇಲ್ಲದಿದ್ದರೆ ಪುಟ ನೋಡಿದವರ ಎಣಿಕೆ ಸಿಗುತ್ತದೆಯೇ ಹೊರತು ಸೇರಿದವರದ್ದು ಸಿಗುವುದಿಲ್ಲ. ಕಾಗುಣಿತವೂ ಒಂದೇ ಇರಬೇಕು: `YouTube` ಮತ್ತು `youtube` ಎಂದು ಬರೆದರೆ ಗೂಗಲ್ ಅನಲಿಟಿಕ್ಸ್‌ನಲ್ಲಿ ಎರಡು ಮೂಲಗಳಾಗುತ್ತವೆ.

ಈ ವ್ಯವಸ್ಥೆಗೆ ದೊಡ್ಡ ಪೆಟ್ಟು ಬಿದ್ದದ್ದು 2023ರ ಆಗಸ್ಟ್ 31ರಂದು. ಮೋಸದ ಕೊಂಡಿಗಳ ಕಾಟ ತಡೆಯಲೆಂದು ಯೂಟ್ಯೂಬ್ ಅಂದಿನಿಂದ ಶಾರ್ಟ್ಸ್‌ನ ವಿವರಣೆ ಮತ್ತು ಪ್ರತಿಕ್ರಿಯೆಗಳಲ್ಲಿನ ಕೊಂಡಿಗಳನ್ನು ಒತ್ತಲಾಗದಂತೆ ಮಾಡಿತು. ಇನ್‌ಸ್ಟಾಗ್ರಾಂನ ಶೀರ್ಷಿಕೆಯಲ್ಲಿ ಮೊದಲಿನಿಂದಲೂ ಅದೇ ಸ್ಥಿತಿ. ಖಾತೆಯ ಪರಿಚಯದ ಜಾಗವೇ ಗತಿ. ಮೋಸಗಾರರಿಗೆ ಹಾಕಿದ ಬೇಲಿಯೊಳಗೆ ಕಸೂತಿ ಕಲಿಸುವವರೂ ಸಿಕ್ಕಿಬಿದ್ದರು. ತುಣುಕು ನೋಡಿದವರು ತರಗತಿಯ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ ಬರುತ್ತಾರೆ, ಅಥವಾ ಅಕ್ಕನಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಅವಳ ಫೋನಿನಿಂದ ಸೇರುತ್ತಾರೆ. ಇನ್‌ಸ್ಟಾಗ್ರಾಂನ ಒಳಗಿನ ಬ್ರೌಸರ್‌ನಲ್ಲಿ ಪುಟ ನೋಡಿ, ಸಂಜೆ ಕ್ರೋಮ್ ತೆರೆದು ಸೇರಿದವರೂ ಯಂತ್ರದ ಕಣ್ಣಿಗೆ ಹೊಸಬರೇ.

ಫಲಿತಾಂಶ ಹೇಗೆ ತಿರುಗುತ್ತದೆ ಎನ್ನುವುದಕ್ಕೆ ಒಂದು ಕಲ್ಪಿತ ಲೆಕ್ಕ: 120 ಜನ ಸೇರಿದ್ದಾರೆ. ಗುರುತಿನ ಪ್ರಕಾರ ಇನ್‌ಸ್ಟಾಗ್ರಾಂ 46, ಫೇಸ್‌ಬುಕ್ 21, ಯೂಟ್ಯೂಬ್ 8, ಗುರುತಿಲ್ಲದವರು 45. ಇಷ್ಟನ್ನೇ ನೋಡಿದರೆ ಯೂಟ್ಯೂಬ್‌ಗೆ ಶ್ರಮ ಹಾಕುವುದು ವ್ಯರ್ಥ ಎನಿಸುತ್ತದೆ. ಆದರೆ ಅರ್ಜಿಯಲ್ಲಿ ‘ಈ ವಿಡಿಯೊ ಮೊದಲು ಎಲ್ಲಿ ನೋಡಿದಿರಿ?’ ಎಂಬ ಪ್ರಶ್ನೆಯಿದ್ದು, ಗುರುತಿಲ್ಲದ 45 ಜನರಲ್ಲಿ 30 ಮಂದಿ ಯೂಟ್ಯೂಬ್ ಎಂದಿದ್ದರೆ, ಅದರ ಪಾಲು 38ಕ್ಕೆ ಏರುತ್ತದೆ. ಗುರುತಿಲ್ಲದವರ ಗುಂಪು ಇಷ್ಟು ದೊಡ್ಡದಾಗಿದ್ದರೆ ಕೊಂಡಿಗಳ ಲೆಕ್ಕವನ್ನು ಮಾತ್ರ ನಂಬಬಾರದು.

ಜನರ ನೆನಪೂ ತಪ್ಪುವುದರಿಂದ ಇನ್ನೊಂದು ಪರೀಕ್ಷೆ ಬೇಕು. ತುಣುಕನ್ನು ಎಲ್ಲ ಕಡೆ ಒಂದೇ ದಿನ ಹಾಕದೆ, ಮೊದಲ ವಾರ ಯೂಟ್ಯೂಬ್‌ಗೆ ಮಾತ್ರ ಹಾಕುವುದು, ಮರುವಾರ ಉಳಿದವಕ್ಕೆ. ಮೊದಲ ವಾರ ಗುರುತಿಲ್ಲದ ನೋಂದಣಿಗಳು ಎಂದಿಗಿಂತ ಏರಿದರೆ, ಅವುಗಳ ಮೂಲ ಯೂಟ್ಯೂಬ್ ಆಗಿರುವ ಸಾಧ್ಯತೆ ಹೆಚ್ಚು. ಹಬ್ಬ, ಜಾತ್ರೆ ಅಥವಾ ಶುಲ್ಕದ ರಿಯಾಯಿತಿ ಅದೇ ವಾರ ಬಂದರೆ ಪರೀಕ್ಷೆ ಕೆಡುತ್ತದೆ. ಬೇರೆ ತುಣುಕುಗಳೊಂದಿಗೆ ಅದನ್ನು ಮತ್ತೆ ಮಾಡಬೇಕು.

ಮೂರನೆಯ ದಾರಿ ಹಾಪ್ಕಿನ್ಸ್ ಕಾಲದ ಕೂಪನ್ನೇ. ತುಣುಕಿನ ಕೊನೆಯ ಎರಡು ಸೆಕೆಂಡುಗಳನ್ನು ಮಾತ್ರ ಬದಲಿಸಿ, ಯೂಟ್ಯೂಬ್ ಪ್ರತಿಯಲ್ಲಿ ‘ವಾಟ್ಸ್‌ಆ್ಯಪ್‌ಗೆ ಗೋಪುರ ಎಂದು ಕಳಿಸಿ’, ಇನ್‌ಸ್ಟಾಗ್ರಾಂ ಪ್ರತಿಯಲ್ಲಿ ‘ತೇರು ಎಂದು ಕಳಿಸಿ’ ಎಂದು ಬರೆಯುವುದು. ಕೊಂಡಿ ಒತ್ತಲಾಗದ ಕಡೆಯೂ ಈ ಪದ ಕೆಲಸ ಮಾಡುತ್ತದೆ. ತುಣುಕನ್ನು ಇಳಿಸಿಕೊಂಡು ಗ್ರೂಪಿಗೆ ಹಾಕಿದರೂ ಪದ ಅದರೊಂದಿಗೇ ಸಾಗಿ, ಅದು ಮೊದಲು ಹೊರಟ ಆ್ಯಪ್ ಯಾವುದೆಂದು ಹೇಳುತ್ತದೆ. ಎರಡು ಆ್ಯಪ್‌ಗಳಲ್ಲಿ ನೋಡಿದವರ ವಿಷಯದಲ್ಲಿ ಮಾತ್ರ ಯಾವುದು ಮನಸ್ಸು ತಿರುಗಿಸಿತು ಎಂಬುದನ್ನು ಕೊಂಡಿಯೂ ಹೇಳದು, ಪದವೂ ಹೇಳದು. ಅಂಥವರನ್ನು ಒಂದೇ ಆ್ಯಪ್‌ನ ಖಾತೆಗೆ ಬರೆಯದೆ ಪ್ರತ್ಯೇಕ ಸಾಲಿನಲ್ಲಿ ಇಡುವುದೇ ಸರಿಯಾದ ಲೆಕ್ಕ.