ಎಲೆ ಕಾಣಲಿ, ಕುಂಡ ಹಿಂದೆ ಸರಿಯಲಿ

ತಾರಸಿ ತೋಟ ಮಾಡಿದವರಲ್ಲಿ ಎಷ್ಟೋ ಮಂದಿ ಪ್ಯಾರಾಪೆಟ್ ಗೋಡೆಗೂ ಹಸಿರು ಬಣ್ಣವನ್ನೇ ಬಳಿಸುತ್ತಾರೆ. ಗಿಡಗಳನ್ನು ಮರೆಮಾಡಲು ಇದಕ್ಕಿಂತ ಸುಲಭದ ದಾರಿ ಇಲ್ಲ! ಪೇಂಟಿನ ಹಸಿರಿನ ಅಬ್ಬರದ ಮುಂದೆ ನಿಜವಾದ ಎಲೆ ಮಂಕಾಗಿಬಿಡುತ್ತದೆ.

ಎಲೆ ಎದ್ದು ಕಾಣಬೇಕಾದರೆ ಅದಕ್ಕೂ ಗೋಡೆಗೂ ನಡುವೆ ತಿಳಿ–ಗಾಢದ ಅಂತರವಿರಬೇಕು. ದಾಸವಾಳ, ಕರಿಬೇವಿನಂಥ ಗಾಢ ಎಲೆಗಳಿಗೆ ಕೆನೆಬಣ್ಣದ ಗೋಡೆ ಒಪ್ಪುತ್ತದೆ. ಹಳದಿ ಮಚ್ಚೆಯ ಮನಿಪ್ಲಾಂಟಿಗಾದರೆ ಗಾಢ ಬೂದು ಅಥವಾ ಕಡುನೀಲಿ ಬೇಕು. ಅಚ್ಚ ಬಿಳಿ ಮಾತ್ರ ನಡುಮಧ್ಯಾಹ್ನ ಕಣ್ಣು ಕುಕ್ಕುತ್ತದೆ. ಅದರೆದುರು ಎಲೆಗಳು ಹಸಿರು ಕಳೆದುಕೊಂಡು ಕಪ್ಪಗೆ ಕಾಣುತ್ತವೆ.

ಡಬ್ಬಿ ಕೊಳ್ಳುವ ಮೊದಲು ದೊಡ್ಡ ರಟ್ಟಿಗೆ ಸ್ಯಾಂಪಲ್ ಬಣ್ಣವನ್ನು ಎರಡು ಕೋಟ್ ಬಳಿದು ಗಿಡದ ಹಿಂದೆ ನಿಲ್ಲಿಸಿ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು–ಬಿಳುಪಿಗೆ ಬದಲಿಸಿ. ಎಲೆಯ ಅಂಚು ಗೋಡೆಯ ಬೂದಿನಲ್ಲಿ ಕರಗಿಹೋದರೆ ಆ ಬಣ್ಣ ಬೇಡ.

ಇನ್ನು ಕುಂಡ. ಕೆನೆಬಣ್ಣದ ಗೋಡೆ, ದಾಸವಾಳ, ಮಣ್ಣಿನ ಕುಂಡ: ಈ ಜೋಡಣೆ ಸೋಲುವುದು ಅಪರೂಪ. ಮಣ್ಣಿನ ಮಾಸಲು ಕೆಂಪು ಹಸಿರನ್ನು ಚುರುಕಾಗಿಸುತ್ತದೆ, ತಾನು ಮೆರೆಯುವುದಿಲ್ಲ. ಹೊಳೆಯುವ ಕಿತ್ತಳೆ ಪ್ಲಾಸ್ಟಿಕ್ ಕುಂಡವಾದರೆ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಣ್ಣಬಣ್ಣದ ಹಳೆಯ ಕುಂಡಗಳಿದ್ದರೆ ಎಸೆಯಬೇಡಿ, ಹೊರಮೈಗೆ ಗೋಡೆಯ ಬಣ್ಣವನ್ನೇ ಬಳಿಯಿರಿ. ಗೋಡೆ ಗಾಢವಾಗಿದ್ದರೆ ಮಾತ್ರ ಈ ಉಪಾಯ ಬೇಡ: ಗಾಢ ಬಣ್ಣದ ಕುಂಡ ಬಿಸಿಲಿಗೆ ಬೇಗ ಕಾದು ಬೇರನ್ನು ಬಾಡಿಸುತ್ತದೆ.

ನೀರು ಹಾಕುವಾಗ ಸಿಡಿಯುವ ಕೆಸರು ಕೆನೆಬಣ್ಣದ ಮೇಲೆ ಎದ್ದು ಕಾಣುತ್ತದೆ. ಗೋಡೆಯ ಬುಡಕ್ಕೆ ಒಂದಡಿ ಎತ್ತರ ಕೆಮ್ಮಣ್ಣಿನ ಬಣ್ಣದ ಪಟ್ಟಿ ಬಳಿಸಿದರೆ ಆ ಕಲೆಯೂ ಅಡಗುತ್ತದೆ, ಕುಂಡಗಳೂ ಅದರೊಳಗೆ ಬೆರೆತುಹೋಗುತ್ತವೆ.