ಮೆಲ್ಬರ್ನ್‌ಗೆ ಹೊರಟ ಮೊರದ ಬಾಗಿನ

ಮೆಲ್ಬರ್ನ್‌ನಲ್ಲಿರುವ ಮಗಳಿಗೆ ಬೆಂಗಳೂರಿನ ಅಂಗಡಿಯಿಂದ ಗೌರಿ ಬಾಗಿನ ಕಳಿಸಬೇಕು ಎಂದುಕೊಳ್ಳಿ. ಎರಡು ಮೊರ, ಅರಿಸಿನ ಕುಂಕುಮ, ಬಳೆ, ಬಾಚಣಿಗೆ, ಕನ್ನಡಿ, ರವಿಕೆ ಕಣ, ಜೊತೆಗೆ ಅಕ್ಕಿ, ತೊಗರಿಬೇಳೆ, ಹೆಸರುಬೇಳೆ, ತೆಂಗಿನಕಾಯಿ. ಇಲ್ಲಿ ಹತ್ತು ನಿಮಿಷದಲ್ಲಿ ಕಟ್ಟಿಕೊಡುವ ಈ ಬಾಗಿನದ ಅರ್ಧ ಭಾಗ ಆಸ್ಟ್ರೇಲಿಯಾದ ಗಡಿ ದಾಟುವುದಿಲ್ಲ.

ಕಾರಣ ಖಾಪ್ರಾ ಎಂಬ ಪುಟ್ಟ ದುಂಬಿ. ಇದರ ಮರಿಹುಳು ಸಂದಿಗೊಂದಿಗಳಲ್ಲಿ ಅಡಗಿ ಆಹಾರವಿಲ್ಲದೆಯೂ ಬಹುಕಾಲ ಬದುಕುತ್ತದೆ. ಒಮ್ಮೆ ಉಗ್ರಾಣ ಹೊಕ್ಕರೆ ತೊಲಗಿಸುವುದು ಬಲು ಕಷ್ಟ. ಹಾಗಾಗಿ 2020ರಿಂದ ಅಕ್ಕಿ, ತೊಗರಿ, ಹೆಸರು, ಕಡಲೆ, ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿಯಂಥವನ್ನು ಅಂಚೆ ಪಾರ್ಸೆಲ್‌ನಲ್ಲಿ ತರಿಸಿಕೊಳ್ಳುವುದನ್ನು ಆ ದೇಶ ನಿಷೇಧಿಸಿದೆ. ಕಂಪನಿಗಳು ಹುರಿದು, ಬೇಯಿಸಿ ಪ್ಯಾಕ್ ಮಾಡಿದವಕ್ಕೆ ವಿನಾಯಿತಿ ಇದೆ. ಮನೆಯಲ್ಲಿ ಹುರಿದು ಕಟ್ಟಿದ ಪೊಟ್ಟಣಕ್ಕೆ ಇಲ್ಲ.

ಹೆಚ್ಚಾಗಿ ಎಡವುವುದು ಅಕ್ಷತೆಯಲ್ಲಿ. ಪೂಜಾ ಕಿಟ್‌ನೊಳಗೆ ಶುಭವೆಂದು ಹಾಕಿದ ಒಂದು ಚಿಟಿಕೆಯೂ ಹಸಿ ಅಕ್ಕಿಯೇ. ತೆಂಗಿನಕಾಯಿ, ಮಾವಿನೆಲೆ, ದರ್ಭೆ, ಗೋಮಯದ ಬೆರಣಿ, ಬೀಜ ಹುದುಗಿಸಿದ ಗಣಪ ಇವೂ ಬೇಡ. ಕರ್ಪೂರದ ಕತೆ ಬೇರೆ: ಅದು ಬೆಂಕಿ ಹಿಡಿಯುವ ವಸ್ತುವಾದ್ದರಿಂದ ವಿಮಾನದಲ್ಲಿ ಹೋಗುವ ಅಂಚೆಗೇ ಹಾಕುವಂತಿಲ್ಲ.

ಬಿದಿರಿನ ಮೊರ ಹೋಗಬಹುದು, ಆದರೆ ತಪಾಸಣೆ ಇರುತ್ತದೆ. ಕಟ್ಟುವ ಮುನ್ನ ಅದನ್ನು ಬಿಳಿ ಕಾಗದದ ಮೇಲೆ ತಟ್ಟಿ ನೋಡಬೇಕು. ನುಣ್ಣನೆಯ ಪುಡಿ ಉದುರಿದರೆ, ಸೂಜಿಮೊನೆಯಷ್ಟು ತೂತು ಕಂಡರೆ ಒಳಗೆ ಹುಳ ಇರುವ ಸಾಧ್ಯತೆ ಇದೆ. ಅಂಥದ್ದು ಸಿಕ್ಕಿಬಿದ್ದರೆ ಪಾರ್ಸೆಲ್ ನಿಲ್ಲುತ್ತದೆ. ಸ್ವಂತ ಖರ್ಚಿನಲ್ಲಿ ಶುದ್ಧೀಕರಿಸಬೇಕು, ವಾಪಸ್ ಕಳಿಸಬೇಕು, ಇಲ್ಲವೇ ನಾಶಕ್ಕೆ ಒಪ್ಪಬೇಕು. ಹಿತ್ತಾಳೆ ಅಥವಾ ಸ್ಟೀಲಿನ ಪುಟ್ಟ ಮೊರವೇ ವಾಸಿ.

ಇನ್ನು ದಿನದ ಲೆಕ್ಕ. 2026ರ ಗಣೇಶ ಚತುರ್ಥಿ ಸೆಪ್ಟೆಂಬರ್ 14, ಸೋಮವಾರ. ಹಿಂದಿನೆರಡು ದಿನ ವಾರಾಂತ್ಯ. ಹಾಗಾಗಿ ಪೆಟ್ಟಿಗೆ 10ನೇ ತಾರೀಕು ಗುರುವಾರದೊಳಗೆ ಕೈಸೇರಬೇಕು. ಕೊರಿಯರ್ ಪ್ರಯಾಣಕ್ಕೆ ಒಂದು ವಾರ, ತಪಾಸಣೆಯಲ್ಲಿ ನಿಂತರೆಂದು ಇನ್ನೊಂದು ವಾರ ಇಟ್ಟರೆ ಆಗಸ್ಟ್ 27ಕ್ಕೆ ಬೆಂಗಳೂರು ಬಿಡಬೇಕು. ಜೋಡಿಸಿ ಕಟ್ಟುವ ಕೆಲಸಕ್ಕೆ ಬಿಡುವು ಬೇಕಾದ್ದರಿಂದ ಅಂಗಡಿ ಆಗಸ್ಟ್ 22ಕ್ಕೇ ಆರ್ಡರ್ ಮುಗಿಸುವುದು ಕ್ಷೇಮ. ಹಬ್ಬದ ಹಿಂದಿನ ವಾರದವರೆಗೂ ಹಣ ಕಟ್ಟಿಸಿಕೊಳ್ಳುವ ಅಂಗಡಿಯನ್ನು ನಂಬುವುದು ಕಷ್ಟ.

ಕಸ್ಟಮ್ಸ್ ಚೀಟಿಯಲ್ಲಿ ‘ಪೂಜಾ ಸಾಮಗ್ರಿ’ ಎಂದಷ್ಟೇ ಬರೆದರೆ ಪೆಟ್ಟಿಗೆ ತೆರೆಯಲು ತಾವೇ ಕರೆದಂತೆ. ‘ಗಾಜಿನ ಬಳೆ, 12’, ‘ಹತ್ತಿಯ ಗೆಜ್ಜೆವಸ್ತ್ರ, 2’, ‘ಅರಿಸಿನ ಪುಡಿ, 100 ಗ್ರಾಂ’ ಎಂದು ವಸ್ತು, ಅದನ್ನು ಮಾಡಿದ ಪದಾರ್ಥ, ಪ್ರಮಾಣ, ನಿಜವಾದ ಬೆಲೆ ನಮೂದಿಸಬೇಕು. ಮಾರಿದ ಸರಕನ್ನು ಉಡುಗೊರೆ ಎಂದು ಬರೆಯುವುದು ಸುಳ್ಳು ಘೋಷಣೆಯಾಗುತ್ತದೆ.

ಅಕ್ಕಿ ಬೇಳೆಯನ್ನು ಮಗಳು ಮೆಲ್ಬರ್ನ್‌ನ ಭಾರತೀಯ ದಿನಸಿ ಅಂಗಡಿಯಲ್ಲೇ ಕೊಂಡು ಬಾಗಿನ ತುಂಬಿಸಲಿ. ಇಲ್ಲಿಂದ ಕಳಿಸುವ ತಾಯಂದಿರು, ಅಂಗಡಿಯವರು ಕಟ್ಟಿದ ಪೆಟ್ಟಿಗೆಗೆ ದಯವಿಟ್ಟು ಮನೆಯ ಮಂತ್ರಾಕ್ಷತೆ ಸೇರಿಸಬೇಡಿ.