ಬಾಟಲಿ ಕತ್ತರಿಸುವ ನೀರು

ಸೀಮೆಎಣ್ಣೆಯಲ್ಲಿ ಅದ್ದಿದ ದಾರವನ್ನು ಬಾಟಲಿಗೆ ಸುತ್ತಿ, ಬೆಂಕಿ ಹಚ್ಚಿ ಎರಡು ಹೋಳು ಮಾಡುವ ವಿಡಿಯೊಗಳನ್ನು ಬಹಳ ಮಂದಿ ನೋಡಿರುತ್ತಾರೆ. ಹೊಸಬರು ಆ ದಾರಿ ಹಿಡಿಯಬಾರದು. ಬೆಂಕಿಯ ಅಪಾಯವಂತೂ ಇದ್ದೇ ಇದೆ. ದಾರ ಒಂದೇ ಸಮನೆ ಉರಿಯದ ಕಾರಣ ಬಿರುಕೂ ಸೊಟ್ಟಗೆ ಓಡುತ್ತದೆ. ಹಾರ್ಡ್‌ವೇರ್ ಅಂಗಡಿಯ ಗ್ಲಾಸ್ ಕಟರ್, ಒಂದಿಷ್ಟು ಬಿಸಿನೀರು, ತಣ್ಣೀರು ಇದ್ದರೆ ಕೆಲಸ ಅದಕ್ಕಿಂತ ಚೆನ್ನಾಗಿ ಆಗುತ್ತದೆ.

ಕನ್ನಡಕ, ದಪ್ಪ ಕೈಗವಸು ಹಾಕಿಕೊಳ್ಳಿ. ಬಾಟಲಿಯನ್ನು ಅಡ್ಡ ಮಲಗಿಸಿ, ಕಟರನ್ನು ಅಲುಗದಂತೆ ಹಿಡಿದು ಬಾಟಲಿಯನ್ನೇ ಉರುಳಿಸುತ್ತ ಸುತ್ತಲೂ ಒಂದು ಗೀರು ಎಳೆಯಿರಿ. ಒಂದೇ ಗೀರು, ಅದರ ಮೇಲೆ ಮತ್ತೆ ಎಳೆದರೆ ಬಿರುಕು ದಾರಿ ತಪ್ಪುತ್ತದೆ. ಗೀರಿನ ಎರಡು ತುದಿಗಳು ಸರಿಯಾಗಿ ಕೂಡಬೇಕು. ಈಗ ಆ ಗೀರಿನ ಮೇಲೆ ಬಿಸಿನೀರು ಹುಯ್ಯುತ್ತ ಬಾಟಲಿ ತಿರುಗಿಸಿ, ನಂತರ ತಣ್ಣೀರು. ಬಿಸಿಗೆ ಹಿಗ್ಗಿದ ಗಾಜು ತಣ್ಣಗಾದೊಡನೆ ಕುಗ್ಗುತ್ತದೆ. ಆ ಸೆಳೆತವೆಲ್ಲ ಗೀರಿದ್ದ ಕಡೆಯೇ ಸೇರುವುದರಿಂದ ನಾಲ್ಕೈದು ಸರದಿಯಲ್ಲಿ ಬಾಟಲಿ ತಾನಾಗಿ ಬಿಟ್ಟುಕೊಳ್ಳುತ್ತದೆ. ಬಿಡದಿದ್ದರೆ ಎಳೆಯಬೇಡಿ, ಇನ್ನೊಂದು ಸರದಿ ನೀರು ಹಾಕಿ.

ಕತ್ತರಿಸಿದ ಅಂಚು ಬ್ಲೇಡಿನಷ್ಟು ಚೂಪು. ಅದನ್ನು ವಾಟರ್ ಪೇಪರಿನಿಂದ, ಮೊದಲು ಒರಟು, ಆಮೇಲೆ ನಯವಾದದ್ದರಿಂದ, ನೀರಿನಲ್ಲಿ ನೆನೆಸಿಯೇ ಉಜ್ಜಬೇಕು. ಒಣಗಿದ ಗಾಜಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು.

ಕುತ್ತಿಗೆಯ ಭಾಗವನ್ನು ತಲೆಕೆಳಗಾಗಿಸಿ ತಳದ ಹೋಳಿನೊಳಗೆ ಕೂರಿಸಿದರೆ ಕುಂಡ ಸಿದ್ಧ. ಬಾಯಿಯಿಂದ ಹತ್ತಿಯ ಬತ್ತಿ ಇಳಿಬಿಟ್ಟರೆ ಅದು ಕೆಳಗಿನ ನೀರನ್ನು ಮಣ್ಣಿಗೆ ಏರಿಸುತ್ತದೆ. ದೀಪ ಬೇಕಿದ್ದರೆ ಬಾಟಲಿ ಕತ್ತರಿಸುವುದೇ ಬೇಡ, ಬ್ಯಾಟರಿಯ ಎಲ್‌ಇಡಿ ಸರವನ್ನು ಬಾಯಿಯಿಂದ ಒಳಗಿಳಿಸಿ. ಮನೆಯ ಕರೆಂಟಿನ ಬಲ್ಬನ್ನು ನೀವೇ ಜೋಡಿಸಲು ಹೋಗಬೇಡಿ.

ತಗಡಿನ ಡಬ್ಬಿಗೆ ತೂತು ಕೊರೆದು ಲಾಂದ್ರ ಮಾಡುವಾಗಲೂ ನೀರೇ ಆಸರೆ. ಖಾಲಿ ಡಬ್ಬಿಗೆ ಮೊಳೆ ಹೊಡೆದರೆ ಅದು ನೆಗ್ಗುತ್ತದೆ. ಒಂದೆರಡು ಬೆರಳಷ್ಟು ಜಾಗ ಬಿಟ್ಟು ನೀರು ತುಂಬಿ ಫ್ರೀಜರಿನಲ್ಲಿಡಿ. ಮಂಜುಗಡ್ಡೆ ಒಳಗಿನಿಂದ ತಡೆ ಕೊಡುತ್ತದೆ. ಮಡಚಿದ ಟವೆಲ್ ಮೇಲೆ ಮಲಗಿಸಿ ಮೊಳೆ ಹೊಡೆಯಿರಿ. ಕೀಟನಾಶಕ, ಬಣ್ಣದ ಡಬ್ಬಿಗಳು ಬೇಡವೇ ಬೇಡ.

ಟೈರಿನಲ್ಲಿ ಮಾತ್ರ ಅದೇ ನೀರು ಶತ್ರು. ಒಳಮೈಯ ಕಣಿವೆಯಲ್ಲಿ ಮಳೆನೀರು ನಿಂತರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಅಲ್ಲಿ ಮೊಟ್ಟೆಯಿಡುತ್ತದೆ. ನೆಲಕ್ಕೆ ತಾಗುವ ಬದಿಯಲ್ಲಿ ಗೇಣಿಗೊಂದರಂತೆ ಡ್ರಿಲ್‌ನಿಂದ ತೂತು ಮಾಡಿ, ಕಣಿವೆಯೂ ತುಂಬುವಂತೆ ಮಣ್ಣನ್ನು ಒತ್ತಿ ತುಂಬಿ. ಕಾರಿನ ಟೈರಿನೊಳಗೆ ಉಕ್ಕಿನ ತಂತಿಯ ಪದರ ಇರುತ್ತದೆ. ಕತ್ತರಿಸಿದರೆ ಅದರ ಮೊನೆ ಹೊರಬಂದು ಕೈ ಸೀಳುತ್ತದೆ. ಹಾಗಾಗಿ ಕತ್ತರಿಸದೆ ಇಡಿಯಾಗಿ ಬಳಸುವುದೇ ಸರಿ. ರಬ್ಬರಿನಿಂದ ಸತು ಮತ್ತಿತರ ರಾಸಾಯನಿಕಗಳು ಮಣ್ಣಿಗೆ ಇಳಿಯಬಲ್ಲವು, ಆದ್ದರಿಂದ ಅದರಲ್ಲಿ ದಾಸವಾಳ, ಕಣಗಿಲೆ ಬೆಳೆಸಿ. ಸೊಪ್ಪು, ತರಕಾರಿಗೆ ಮಣ್ಣಿನ ಕುಂಡವೇ ಇರಲಿ.